ದೂರಿನ ಫೈಲಿಗೆ ಬಿದ್ದ ಮೆಚ್ಚುಗೆ ಪತ್ರ

ಅರ್ಜಿ ತಾತನಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಕೂರುವುದೇ ಕಸುಬಾಗಿರುವ ಮನುಷ್ಯನಿಗೆ ಇದೊಂದು ದೊಡ್ಡ ಕಷ್ಟ. ಕಚೇರಿಗಳ ಕಾಂಪೌಂಡಿನ ಹೊರಗೆ, ತಗಡಿನ ಚಾವಣಿಯ ಕೆಳಗೆ ಅವರದೊಂದು ಮೇಜು. ಬರೆಯುವಾಗ ಬಲಗಾಲು ಮೇಜಿನಡಿ ಕುಣಿಯುತ್ತಲೇ ಇರುತ್ತದೆ. ಎದುರಿಗೆ ಕೂತವರು ಟೀ ಲೋಟವನ್ನು ಕೈಯಲ್ಲೇ ಹಿಡಿದುಕೊಳ್ಳಬೇಕು. ನಡುವೆ ನಾಲ್ಕು ಸಲ ಎದ್ದು ಗೇಟಿನ ತನಕ ಹೋಗಿ ಬರುತ್ತಾರೆ. ಯಾಕೆ ಹೋದಿರಿ ಎಂದು ಕೇಳಿದರೆ ಅವರಿಗೇ ಗೊತ್ತಿರುವುದಿಲ್ಲ.

ಆದರೆ ಬರವಣಿಗೆ ಮಾತ್ರ ಕಲ್ಲಿನಲ್ಲಿ ಕೆತ್ತಿದ ಹಾಗೆ. ಹಿಂದೆ ಪ್ರೆಸ್ಸಿನಲ್ಲಿ ಅಚ್ಚು ಜೋಡಿಸುತ್ತಿದ್ದವರು. ಪ್ರೆಸ್ಸು ಮುಚ್ಚಿದ ಮೇಲೆ ಈ ಮೇಜಿಗೆ ಬಂದರು. ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಪಿಂಚಣಿ ನಿಂತುಹೋಗಿದೆ, ಪಕ್ಕದ ಮನೆಯವನು ಗೋಡೆಯನ್ನು ಒಂದು ಗೇಣು ಈಚೆ ಕಟ್ಟಿದ್ದಾನೆ: ಬೀದಿಯ ದುಃಖವೆಲ್ಲ ಅವರ ಪೆನ್ನಿನ ಮೂಲಕವೇ ಒಳಗೆ ಹೋಗಬೇಕು. ಯಾರನ್ನೂ ಬಾಯಿಬಿಟ್ಟು ಬೈದವರಲ್ಲ. "ಸದರಿಯವರ ದಿವ್ಯ ನಿರ್ಲಕ್ಷ್ಯದಿಂದಾಗಿ" ಎಂದು ಒಂದು ಸಾಲು ಬರೆದರೆ ಸಾಕು, ಒಳಗೆ ಕೂತವರಿಗೆ ಬೆವರು ಬರುತ್ತಿತ್ತು. ತಾರೀಖು, ಸಾಕ್ಷಿ, ಅಡಕ, ಮೇಲಿನ ಕಚೇರಿಗೆ ಒಂದು ಪ್ರತಿ, ಕೊಟ್ಟದ್ದಕ್ಕೆ ಸೀಲು. ಈ ಐದು ಇಲ್ಲದ ಕಾಗದ ಕಾಗದವೇ ಅಲ್ಲ ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದರು. ಅವರ ಬೀದಿಯ ದೀಪ, ಚರಂಡಿಯ ಮೇಲಿನ ಚಪ್ಪಡಿ, ಎಲ್ಲವೂ ಆ ಪಾಠದ ಫಲವೇ.

ಇಂಥ ಮನುಷ್ಯ ಬದುಕಿನಲ್ಲಿ ಮೊದಲ ಸಲ ಒಂದು ಮೆಚ್ಚುಗೆಯ ಪತ್ರ ಬರೆಯಲು ಹೊರಟದ್ದೇ ಎಡವಟ್ಟಿಗೆ ಕಾರಣವಾಯಿತು.

ಹೊರಟದ್ದು ಸುಮ್ಮನೆ ಅಲ್ಲ. ತಾತನಿಗೆ ಇರುವುದು ಒಬ್ಬಳೇ ಮಗಳು. ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಅಳಿಯ ಲಾರಿ ಓಡಿಸುತ್ತಾನೆ. ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಮಗಳು ಬಸುರಿಯಾದಾಗ ಅದನ್ನು ಮನೆಯವರಿಗಿಂತ ಮೊದಲು ಗುರುತು ಹಿಡಿದವಳು ಅಂಗನವಾಡಿಯ ಟೀಚರು. ನಲ್ಲಿಯ ಹತ್ತಿರ ಕೊಡ ಎತ್ತುವಾಗ ಮುಖ ನೋಡಿಯೇ, "ನಾಳೆ ಬಂದು ಹೆಸರು ಬರೆಸಮ್ಮ" ಎಂದಿದ್ದಳು. ತಿಂಗಳು ತಿಂಗಳು ತೂಕ ನೋಡುತ್ತ, ಒಂದು ತಿಂಗಳು ಮುಳ್ಳು ಇದ್ದಲ್ಲೇ ನಿಂತಾಗ, ಇವಳನ್ನು ತಾನೇ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು. ರಕ್ತ ಕಡಿಮೆ, ಸ್ವಲ್ಪ ರಕ್ತಸ್ರಾವವೂ ಆಗಿದೆ, ಹಾಸಿಗೆ ಬಿಟ್ಟು ಏಳಕೂಡದು ಎಂದು ಡಾಕ್ಟರು ಚೀಟಿ ಬರೆದರು.

ಅಲ್ಲಿಂದ ಹೆರಿಗೆಯಾಗುವವರೆಗೆ ಮಧ್ಯಾಹ್ನ ತಪ್ಪದೆ ಬಾಗಿಲಲ್ಲಿ ಡಬ್ಬಿಯ ಸದ್ದು. ತಂದುಕೊಡುತ್ತಿದ್ದವಳು ಅಂಗನವಾಡಿಯ ಸಹಾಯಕಿ, ಎಲ್ಲರ ಬಾಯಲ್ಲಿ ಆಯಮ್ಮ. ಡಬ್ಬಿಯಲ್ಲಿ ಬಿಸಿ ಅನ್ನ, ಸೊಪ್ಪು ಬೇಳೆ, ಒಂದು ಮೊಟ್ಟೆ. ಆಯಮ್ಮ ಡಬ್ಬಿ ಇಟ್ಟು ಹೋಗುವ ಪೈಕಿ ಅಲ್ಲ. ಎದುರಿಗೇ ಕೂತು, "ತಿನ್ನು, ನಾನು ನೋಡ್ಬೇಕು" ಎನ್ನುತ್ತಿದ್ದಳು. ತಿಂದ ಮೇಲೆ ಕಬ್ಬಿಣದ ಮಾತ್ರೆ ನುಂಗಿಸಿ, ಬಾಯಿ ತೆರೆಸಿ ನೋಡಿ, ಡಬ್ಬಿ ತೊಳೆದುಕೊಂಡು ಹೋಗುತ್ತಿದ್ದಳು. ತಾತನಿಗೂ ಬೈಗುಳ ಬಿದ್ದಿತ್ತು. ಕೂಸು ಹುಟ್ಟಿದ ಹೊಸತರಲ್ಲಿ, ಗಂಟಲು ಒಣಗೀತೆಂದು ಕದ್ದು ಸಕ್ಕರೆ ನೀರು ಬೆರಳಲ್ಲಿ ಅದ್ದಿ ನೆಕ್ಕಿಸುತ್ತಿದ್ದವರು ಟೀಚರ ಕೈಗೆ ಸಿಕ್ಕಿಬಿದ್ದರು. "ಆರು ತಿಂಗಳು ತಾಯಿ ಹಾಲು ಬಿಟ್ರೆ ಒಂದು ಹನಿ ನೀರೂ ಬೇಡ ಅಂದಿಲ್ವಾ ತಾತ? ಊರಿಗೆಲ್ಲ ಕಾನೂನು ಹೇಳ್ತೀರ, ಇದೊಂದು ಪಾಲಿಸೋಕಾಗಲ್ವಾ?" ಎಂದಳು. ತಾತ ತಲೆ ತಗ್ಗಿಸಿ ಬೆರಳನ್ನು ಪಂಚೆಗೆ ಒರೆಸಿಕೊಂಡರು.

ಕೂಸು ಹುಟ್ಟುವಾಗ ಅಂಗೈಗೆ ಒಂದಿಷ್ಟು ಹೆಚ್ಚು ಅನ್ನುವಷ್ಟಿತ್ತು. ಟೀಚರು ಮೊದಲೆಲ್ಲ ವಾರಕ್ಕೊಮ್ಮೆ ಮನೆಗೇ ಬಂದು ತೂಗಿದಳು. ಕೂಸನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಒರಗಿಸಿ ಬೆಚ್ಚಗಿಡುವುದನ್ನು, ಹಾಲು ಕುಡಿಸುವಾಗ ಬಾಯಿ ಹೇಗೆ ಹಿಡಿಸಬೇಕೆನ್ನುವುದನ್ನು ಕೂತು ಕಲಿಸಿದಳು. ಬೆಳವಣಿಗೆಯ ಪಟ್ಟಿಯಲ್ಲಿ ಚುಕ್ಕಿ ಬಹಳ ಕಾಲ, ತೂಕ ಸಾಲದು ಎನ್ನುವ ಹಳದಿಯಲ್ಲೇ ತೆವಳಿತು. ಕೊನೆಗೆ ಒಂದು ದಿನ, ತಕ್ಕಡಿಯ ಬಟ್ಟೆಯ ಜೋಳಿಗೆಯಲ್ಲಿ ಕೂತು ಮೊಮ್ಮಗಳು ಕಾಲು ಬಡಿದು ಚೀರಾಡುತ್ತಿದ್ದಾಗ, ಟೀಚರು ಮುಳ್ಳು ನೋಡಿ, ಪಟ್ಟಿಯಲ್ಲಿ ಚುಕ್ಕಿ ಇಟ್ಟು, "ಬಾ ತಾತ, ಇಲ್ಲಿ ನೋಡು" ಎಂದು ಕರೆದಳು. ಸಂತೋಷದಲ್ಲಿ ಬಹುವಚನ ಮರೆತಿದ್ದಳು. ಚುಕ್ಕಿ ಹಸಿರಿಗೆ ಬಂದಿತ್ತು. ತೋಳಿನ ಸುತ್ತ ಟೇಪು ಹಾಕಿದರೆ ಅದೂ ಹಸಿರನ್ನೇ ತೋರಿಸಿತು.

ತಾತ ಅಲ್ಲಿಂದ ಸೀದಾ ಮೇಜಿಗೆ ಹೋಗಿ ಒಳ್ಳೆಯ ಕಾಗದ ತೆಗೆದರು.

ಬರೆಯುವ ಕೈಗೆ ಒಂದೇ ದಾರಿ ಗೊತ್ತಿತ್ತು. "ವಿಷಯ: ಅಂಗನವಾಡಿ ಕಾರ್ಯಕರ್ತೆ ಹಾಗೂ ಸಹಾಯಕಿಯವರ ಕರ್ತವ್ಯನಿಷ್ಠೆಗೆ ಮೆಚ್ಚುಗೆ ಸೂಚಿಸುವ ಬಗ್ಗೆ" ಎಂದು ಶುರುಮಾಡಿದರು. ಬರೀ ಹೊಗಳಿದರೆ ಯಾರು ನಂಬುತ್ತಾರೆ? ಪುರಾವೆ ಬೇಕು. ಬೆಳಿಗ್ಗೆ ಆಯಮ್ಮ ಮನೆಮನೆಗೆ ಹೋಗಿ ಮಕ್ಕಳನ್ನು ಕೈಹಿಡಿದು ಕರೆತರುವುದು, ಚುಚ್ಚುಮದ್ದಿನ ದಿನ ತಪ್ಪಿಸಿಕೊಂಡ ತಾಯಂದಿರನ್ನು ಹುಡುಕಿ ನರ್ಸಮ್ಮನ ಮುಂದೆ ನಿಲ್ಲಿಸುವುದು, ಫೋನಿನಲ್ಲಿ ನೆಟ್‌ವರ್ಕ್ ಸಿಗದೆ ಟೀಚರು ಮಕ್ಕಳ ಹಾಜರಿ ತುಂಬಲು ಮಹಡಿ ಹತ್ತಿ ನಿಲ್ಲುವುದು, ಒಂದನ್ನೂ ಬಿಡಲಿಲ್ಲ. ಮೂರನೆಯ ಪ್ಯಾರಾದಲ್ಲಿ ತಮ್ಮ ಮನೆಯ ವಿಷಯ: "ನನ್ನ ಮಗಳು ಹಾಸಿಗೆ ಹಿಡಿದಿದ್ದ ಅವಧಿಯಲ್ಲಿ ಕೇಂದ್ರಕ್ಕೆ ಒಂದು ದಿನವೂ ಬರಲು ಸಾಧ್ಯವಾಗದಿದ್ದರೂ, ಸದರಿಯವರು ಪ್ರತಿದಿನ ಊಟವನ್ನು ನಮ್ಮ ಮನೆಗೇ ಕಳುಹಿಸಿಕೊಟ್ಟಿರುತ್ತಾರೆ." ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಎಂದು ಸೇರಿಸಿದರು. ಕೆಳಗೆ, "ಅಡಕ: ಆಸ್ಪತ್ರೆಯ ಚೀಟಿಯ ನಕಲು." ಮೇಲಿನ ಕಚೇರಿಗೆ ಪ್ರತಿ. ಒಳಗೆ ಕೊಟ್ಟು ಸೀಲು ಹಾಕಿಸಿಕೊಂಡರು. ಆ ರಾತ್ರಿ ಅವರ ಬಲಗಾಲೂ ಕುಣಿಯದೆ ಮಲಗಿತ್ತು ಎನ್ನುತ್ತಾಳೆ ಮಗಳು.

ಮರುದಿನ ಟೀಚರಿಗೊಂದು ನಕಲು ಕೊಡಲು ಅಂಗನವಾಡಿಗೆ ಹೋದರು. ಬಾಡಿಗೆಯ ಒಂದೇ ಕೋಣೆ; ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಕಾಳಿನ ಡಬ್ಬಗಳು, ನಡುವೆ ಚಾಪೆಯ ಮೇಲೆ ಮಕ್ಕಳು. ಟೀಚರು ಒಂದು ಮಗುವಿನ ಮೂಗು ಒರೆಸುತ್ತ, ಇನ್ನೊಂದು ಕೈಯಲ್ಲಿ ಕಾಗದ ಹಿಡಿದು ಓದಿದಳು. ಮೊದಲ ಪ್ಯಾರಾಕ್ಕೆ ನಕ್ಕಳು. ಎರಡನೆಯದಕ್ಕೆ, "ಆಯಮ್ಮ, ನಿಮ್ಮ ಹೆಸರೂ ಪೇಪರಲ್ಲಿ ಬಂದಿದೆ ನೋಡಿ" ಎಂದು ಕೂಗಿದಳು. ಮೂರನೆಯದಕ್ಕೆ ಬಂದಾಗ ನಗು ಎಲ್ಲಿಗೆ ಹೋಯಿತೋ. ಮಕ್ಕಳ ಪುಟ್ಟ ಕುರ್ಚಿಯೊಂದನ್ನು ಎಳೆದುಕೊಂಡು ಕೂತುಬಿಟ್ಟಳು.

"ತಾತ, ಇದನ್ನ ಕೊಟ್ಟುಬಿಟ್ಟಿದ್ದೀರಾ?"

"ನಿನ್ನೇನೇ ಕೊಟ್ಟೆ. ಸೀಲು ನೋಡಿ. ಮೇಲಿನ ಆಫೀಸಿಗೂ ಒಂದು ಪ್ರತಿ ಹೋಗಿದೆ."

"ಅಯ್ಯೋ ದೇವ್ರೇ." ಅವಳ ದನಿ ಸಣ್ಣದಾಯಿತು. "ಬಸುರಿ ಬಾಣಂತೀರು ಊಟಾನ ಇಲ್ಲಿಗೇ ಬಂದು, ಇಲ್ಲೇ ಕೂತು ತಿನ್ಬೇಕು. ಮನೆಗೆ ಕೊಡೋ ಹಾಗಿಲ್ಲ. ಕೊಟ್ರೆ ಮನೆಮಂದಿ ಎಲ್ಲಾ ಹಂಚ್ಕೊಂಡು ತಿಂತಾರೆ, ಬಸುರಿ ಬಾಯಿಗೆ ಅರ್ಧ ತುತ್ತೂ ಬೀಳಲ್ಲ ಅಂತ ಆ ನಿಯಮ ಮಾಡಿರೋದು. ತಪ್ಪಲ್ಲ ಅದು. ಆದ್ರೆ ನಿಮ್ಮ ಮಗಳು ಏಳೋ ಹಾಗೇ ಇರ್ಲಿಲ್ಲವಲ್ಲ. ಅದಕ್ಕೇ ಆಯಮ್ಮನ್ನ ಎದುರಿಗೆ ಕೂತು ತಿನ್ನಿಸೋಕೆ ಕಳಿಸ್ದೆ."

"ಒಳ್ಳೇದೇ ಮಾಡಿದ್ರಲ್ಲ!"

"ಹಾಜರಿ ಹಾಕ್ದೇ ಇದ್ರೆ ಅವಳ ಪಾಲಿನ ಕಾಳು, ಮೊಟ್ಟೆ ಬರೋದಿಲ್ಲ ತಾತ. ದಿನಾ ಬಂದು ತಿಂದಳು ಅಂತ ನಾನೇ ರಿಜಿಸ್ಟರಲ್ಲಿ ಬರ್ದಿದ್ದೀನಿ. ನೀವು 'ಒಂದು ದಿನವೂ ಬರಲಿಲ್ಲ' ಅಂತ ಬರ್ದು, ಆಸ್ಪತ್ರೆ ಚೀಟೀನೂ ಅಂಟ್ಸಿದ್ದೀರ. ಸುಳ್ಳು ಹಾಜರಿ ಅಂದ್ರೆ ಕೆಲಸದಿಂದ್ಲೇ ತೆಗೀಬಹುದು. ನನ್ನೊಬ್ಬಳನ್ನೇ ಅಲ್ಲ, ಆಯಮ್ಮನ್ನೂ."

ಒಲೆಯ ಹತ್ತಿರ ಬೇಳೆ ತೊಳೆಯುತ್ತಿದ್ದ ಆಯಮ್ಮನ ಕೈ ನಿಂತಿತು. ಅವಳು ಗಂಡ ಬಿಟ್ಟವಳು. ಈ ಕೋಣೆ ಬಿಟ್ಟರೆ ಅವಳಿಗೆ ಬೇರೆ ದಿಕ್ಕಿಲ್ಲವೆಂದು ಬೀದಿಗೆಲ್ಲ ಗೊತ್ತು. ತಾತ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆನಲ್ಲ ಎಂದುಕೊಂಡು, ಚಪ್ಪಲಿ ಅದಲುಬದಲು ಮೆಟ್ಟಿಕೊಂಡೇ ಕಚೇರಿಗೆ ಓಡಿದರು.

ಟಪಾಲಿನ ಗುಮಾಸ್ತ ಅವರ ಹಳೆಯ ಪರಿಚಯ. ಒಬ್ಬರನ್ನೊಬ್ಬರು ಕಂಡರೆ ಇಬ್ಬರಿಗೂ ಆಗದು, ಕಾಣದಿದ್ದರೂ ಆಗದು. "ಏನ್ ತಾತ, ಇವತ್ತು ಯಾರ ಮೇಲೆ?" ಎಂದ.

"ನಿನ್ನೆ ಕೊಟ್ಟದ್ದನ್ನ ವಾಪಸ್ ತಗೋಬೇಕಪ್ಪ. ಅದು ದೂರಲ್ಲ, ಮೆಚ್ಚುಗೆ."

"ನಿಮ್ದು ಮೆಚ್ಚುಗೆನಾ?" ಗುಮಾಸ್ತ ನಗು ತಡೆಯಲಾರದೆ ಕೆಮ್ಮಿದ. "ನಿಮ್ಮ ಅಕ್ಷರ ಕಂಡ ತಕ್ಷಣ ನಾನು ದೂರಿನ ಫೈಲಿಗೆ ಹಾಕ್ತೀನಿ, ವಿಷಯ ಓದೋದೇ ಇಲ್ಲ. ಅದು ಸಾಹೇಬರ ಮೇಜಿಗೆ ಹೋಗಿ, 'ಪರಿಶೀಲಿಸಿ ವರದಿ ಮಾಡಿ' ಅಂತ ಬರ್ಕೊಂಡು ಸೂಪರ್‌ವೈಸರ್ ಮೇಡಮ್ಮಿಗೆ ಹೋಗಾಯ್ತು."

"ತಪ್ಪಾಗಿದೆ ಅಂತ ಒಂದು ಸಾಲು ಬರ್ದು ಕೊಡ್ತೀನಿ."

"ತಾತ, ನಂಬರ್ ಬಿದ್ದ ಕಾಗದಕ್ಕೆ ಉತ್ತರ ಕೊಡದೆ ಮುಚ್ಚೋ ಹಾಗಿಲ್ಲ ಅಂತ ಈ ಕಚೇರಿಗೆ ಪಾಠ ಕಲಿಸಿದ್ದು ಯಾರು? ನೀವೇ ಅಲ್ವಾ? ಮೇಲಿನ ಆಫೀಸಿಗೂ ಪ್ರತಿ ಹೋಗಿದೆ. ಈಗ ನಾನು ಹರಿದು ಹಾಕಿದ್ರೆ ನನ್ನ ಕೆಲಸ ಹೋಗುತ್ತೆ."

ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತಾತ ಮೇಜಿಗೆ ಬಂದು ಕೂತರು, ಎದ್ದರು, ಗೇಟಿನ ತನಕ ಹೋದರು, ಬಂದರು. ಅವತ್ತು ಬಂದ ನಾಲ್ಕೈದು ಜನರನ್ನು ನಾಳೆ ಬನ್ನಿ ಎಂದು ಕಳಿಸಿದರು.

ಮುಂದಿನ ದಿನಗಳಲ್ಲಿ ಅವರ ಕಾಲಿಗೆ ಚಕ್ರ ಕಟ್ಟಿದ ಹಾಗಾಯಿತು. ಬೆಳಿಗ್ಗೆ ಅಂಗನವಾಡಿಯ ಬೀದಿಯಲ್ಲೊಂದು ಸುತ್ತು, ಸ್ಕೂಟರಿನ ಸದ್ದಾದರೆ ಸೂಪರ್‌ವೈಸರೇ ಬಂದರೇನೋ ಎಂದು ಓಡಿಬಂದು ನೋಡುವುದು. ಮಧ್ಯಾಹ್ನ ಇನ್ನೊಂದು ಸುತ್ತು. ಮಗಳ ಮುಂದೆ ನಿಂತು ಒಂದು ಉಪಾಯ ಹೇಳಿದರು: "ನನಗೆ ವಯಸ್ಸಾಯ್ತು, ಮರೆವು, ತಾರೀಖು ಅದಲುಬದಲು ಆಗಿದೆ ಅಂತ ಬರೀತೀನಿ. ನೀನು ದಿನಾ ನಡ್ಕೊಂಡು ಹೋಗಿ ತಿಂದೆ ಅಂತ ಹೇಳಿಬಿಡಮ್ಮ."

ಮಗಳು ಕೂಸಿನ ಬಟ್ಟೆ ಬದಲಿಸುತ್ತಿದ್ದಳು. "ಅಪ್ಪಾ, ಏಳಬಾರದು ಅನ್ನೋ ಚೀಟೀನ ನೀವೇ ಲಗತ್ತಿಸಿ ಕೊಟ್ಟಿದ್ದೀರ. ಚೀಟಿ ಒಂದು ಹೇಳುತ್ತೆ, ನಾನೊಂದು ಹೇಳಿದ್ರೆ ಟೀಚರ ಕುತ್ತಿಗೆಗೆ ಇನ್ನೊಂದು ಹಗ್ಗ. ಸುಮ್ನೆ ಕೂತ್ಕೊಳ್ಳಿ ಸ್ವಲ್ಪ."

"ಕೂತ್ಕೊಳ್ಳೋಕೆ ಆಗ್ತಿಲ್ಲ ಕಣೇ!" ಎಂದು ತಾತ ಕಿರುಚಿದರು. ಕೂಸು ಬೆದರಿ ಅತ್ತಿತು. ಅವರಿಗೂ ಅಳು ಬಂತು. ಹೊರಗೆ ಹೋಗಿ ನಿಂತರು.

ಸೂಪರ್‌ವೈಸರ್ ಬಂದದ್ದು ತಾತ ಸುತ್ತು ಹಾಕದೆ ಇದ್ದ ಹೊತ್ತಿನಲ್ಲಿ. ಬಿಸಿಲಿಗೆ ಮುಖ ಕೆಂಪಾದ, ಎರಡು ವಲಯಗಳ ಅಂಗನವಾಡಿಗಳನ್ನು ಒಬ್ಬಳೇ ಸುತ್ತುವ ಹೆಂಗಸು. ರಿಜಿಸ್ಟರು ತೆರೆದಳು, ತಾರೀಖುಗಳನ್ನು ಪತ್ರದೊಂದಿಗೆ ತಾಳೆ ನೋಡಿದಳು, ಕಾಳಿನ ದಾಸ್ತಾನು ತೂಗಿಸಿದಳು. ದಾಸ್ತಾನಿನಲ್ಲಿ ಒಂದು ಹಿಡಿಯೂ ಹೆಚ್ಚುಕಮ್ಮಿ ಇರಲಿಲ್ಲ. ಆಮೇಲೆ ಟೀಚರನ್ನು ಕರೆದುಕೊಂಡು ತಾತನ ಮನೆಗೆ ಬಂದಳು.

"ಊಟ ಎಲ್ಲಿ ಮಾಡ್ತಿದ್ದೆಯಮ್ಮ?" ಎಂದು ಮಗಳನ್ನು ಕೇಳಿದಳು.

"ಇಲ್ಲೇ ಮೇಡಂ, ಈ ಹಾಸಿಗೆ ಮೇಲೆ. ಆಯಮ್ಮ ಎದುರಿಗೆ ಕೂತಿರ್ತಿದ್ರು. ಇನ್ನೊಬ್ಬರಿಗೆ ಒಂದು ತುತ್ತು ಕೊಡೋಕೂ ಬಿಡ್ತಿರ್ಲಿಲ್ಲ. ನಮ್ಮಪ್ಪ ಒಂದ್ಸಲ ಮೊಟ್ಟೆ ವಾಸನೆಗೆ ಬಂದು ನಿಂತಿದ್ರೆ ಆಚೆ ಅಟ್ಟಿದ್ರು."

ಸೂಪರ್‌ವೈಸರ್ ಕೂಸನ್ನು ಎತ್ತಿಕೊಂಡು, ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಕೂಸು ಅವಳ ಕನ್ನಡಕ ಕಿತ್ತುಕೊಂಡಿತು. "ಮೇಡಂ, ತಪ್ಪು ನಂದು..." ಎಂದು ತಾತ ಬಾಯಿ ತೆಗೆದರು.

"ನೀವು ಏನೂ ಹೇಳ್ಬೇಡಿ. ನೀವು ಹೇಳ್ಬೇಕಾದ್ದೆಲ್ಲ ಬರ್ದಾಗಿದೆ" ಎಂದು ಸೂಪರ್‌ವೈಸರ್ ಕನ್ನಡಕ ವಾಪಸ್ ಹಾಕಿಕೊಂಡಳು. ಬಾಗಿಲಲ್ಲಿ ಟೀಚರ ಕಡೆ ತಿರುಗಿ, "ವಿವರಣೆ ಬರ್ದು ಕೊಡು. ಇದ್ದದ್ದು ಇದ್ದ ಹಾಗೆ ಬರಿ. ನಾನು ಇಷ್ಟೇ ಮಾಡಬಹುದು" ಎಂದಳು.

ವಿವರಣೆ ಬರೆದುಕೊಡಲು ತಾತ ಪೆನ್ನು ಹಿಡಿದು ಅವತ್ತೇ ಅಂಗನವಾಡಿಗೆ ಹೋದರು. ನೂರಾರು ನೋಟಿಸುಗಳಿಗೆ ಉತ್ತರ ಬರೆದ ಕೈ, ಇದಕ್ಕೊಂದು ಬರೆಯದೆ ಇದ್ದೀತೇ?

"ಬೇಡ ತಾತ, ಕೈ ಮುಗೀತೀನಿ" ಎಂದಳು ಟೀಚರು. "ನೀವು ಬರೆದ್ರೆ ಇನ್ನೂ ಒಂದಿಷ್ಟು ಸತ್ಯ ಹೊರಗೆ ಬಂದುಬಿಡುತ್ತೆ." ಹೇಳಿ ನಕ್ಕಳು, ಆದರೆ ಕಣ್ಣು ಊದಿಕೊಂಡಿತ್ತು. ತಾತನಿಗೆ ಅಲ್ಲೇ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಕೆಲಸ ಹೋಗಲಿಲ್ಲ. ದಾಸ್ತಾನು ಸರಿ ಇತ್ತು, ಕೂಸು ಕಣ್ಣೆದುರಿಗಿತ್ತು, ಸೂಪರ್‌ವೈಸರಿನ ವರದಿಯೂ ಮೆತ್ತಗಿತ್ತು. ಲಿಖಿತ ಎಚ್ಚರಿಕೆ ಬಂತು: ಇನ್ನು ಮುಂದೆ ಊಟ ಕೇಂದ್ರದ ಹೊಸಿಲು ದಾಟಿದರೆ ಕಠಿಣ ಕ್ರಮ. ತಾತ ಆ ದಿನ ನೆಮ್ಮದಿಯ ಉಸಿರು ಬಿಟ್ಟರು. ಆ ಉಸಿರು ಮೂರು ದಿನವೂ ಬಾಳಲಿಲ್ಲ.

ಬೀದಿಯ ತಿರುವಿನಲ್ಲಿ ಇಸ್ತ್ರಿ ಅಂಗಡಿಯವನ ಮನೆ. ಅವನ ಹೆಂಡತಿ ಏಳು ತಿಂಗಳ ಬಸುರಿ. ರಕ್ತದೊತ್ತಡ ಏರಿ, ಕಾಲು ಬಾತು, ಅವಳಿಗೂ ಹಾಸಿಗೆಯೇ ಗತಿಯಾಗಿತ್ತು. ಆಯಮ್ಮ ಒಂದು ಮಧ್ಯಾಹ್ನ ಆ ಮನೆಯ ಮುಂದೆ ತಲೆ ತಗ್ಗಿಸಿ ಬರಿಗೈಯಲ್ಲಿ ದಾಟಿಹೋದದ್ದನ್ನು ತಾತ ಕಂಡರು. ಕಿಟಕಿಯಿಂದ ಒಂದು ದನಿ ಬಂತು.

"ತಾತ, ಒಂದ್ನಿಮಿಷ. ಆಯಮ್ಮ ಯಾಕೆ ಡಬ್ಬಿ ತರೋದು ನಿಲ್ಲಿಸಿದ್ರು? ಕೇಳಿದ್ರೆ ಮಾತೇ ಆಡಲ್ಲ. ನಾನೇನಾದ್ರೂ ತಪ್ಪು ಮಾತಾಡಿದ್ನಾ?"

ಹಾಗಾದರೆ ಡಬ್ಬಿ ಈ ಮನೆಗೂ ಬರುತ್ತಿತ್ತು. ತಮ್ಮ ಕಾಗದ ಈ ಹೆಂಗಸಿನ ತಟ್ಟೆಯನ್ನು ಕಿತ್ತುಕೊಂಡಿತ್ತು. ಅದನ್ನು ತಿಳಿಯದೆ ಅವಳು ತನ್ನದೇ ತಪ್ಪೇನೋ ಎಂದು ಕೇಳುತ್ತಿದ್ದಾಳೆ. ತಾತ ಕಿಟಕಿಯ ಸರಳು ಹಿಡಿದು ನಿಂತರು. "ನಿನ್ನ ತಪ್ಪಲ್ಲ ಮಗಳೇ, ನಂದು" ಎಂದರು. ಅವಳಿಗೆ ಅರ್ಥವಾಗಲಿಲ್ಲ. ಮನೆಗೆ ಬಂದು ಮಗಳಿಗೆ ಹೇಳಿದರು. ಮಗಳು ಒಂದು ಪಾವು ಅಕ್ಕಿ ಹೆಚ್ಚಿಗೆ ಹಾಕಿದಳು. ಆ ಮಧ್ಯಾಹ್ನದಿಂದ ತಾತನೇ ಡಬ್ಬಿ ಹೊತ್ತರು. ಆದರೆ ಮಗಳ ಕೈಯ ಅಡುಗೆ ಇವತ್ತಿಗಾಯಿತು, ನಾಳೆಗಾಯಿತು. ಅವರ ಮನೆಯ ಒಲೆಯೂ ಎಷ್ಟೆಂದು ಉರಿದೀತು? ಈ ಬೀದಿಯಲ್ಲಿ ಮುಂದೆ ಹಾಸಿಗೆ ಹಿಡಿಯುವ ಬಸುರಿಯರಿಗೆ ಯಾರು ತರುತ್ತಾರೆ?

ನಡೆಯುತ್ತ ನಡೆಯುತ್ತಲೇ ಅವರಿಗೆ ಅದು ಹೊಳೆದದ್ದು. ಹೊಳೆದ ತಕ್ಷಣ ನಿಂತರು. ಹಿಂದಿನಿಂದ ಬರುತ್ತಿದ್ದ ಸೈಕಲ್ಲಿನವನು ಬೈದುಕೊಂಡು ಪಕ್ಕಕ್ಕೆ ಹೋದ. ಕಚೇರಿಗೆ ಮೆಚ್ಚುಗೆ ಕೊಟ್ಟರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ದೂರು ಕೊಟ್ಟರೆ ತಿಳಿಯುತ್ತದೆ.

ಅಂಗನವಾಡಿಯಲ್ಲಿ ಮಕ್ಕಳು ಮಲಗಿದ್ದರು. ಟೀಚರು ಫೋನಿನಲ್ಲಿ ತೂಕಗಳನ್ನು ತುಂಬುತ್ತಿದ್ದಳು. ತಾತ ಬಾಗಿಲಲ್ಲೇ ನಿಂತು ಪಿಸುಗುಟ್ಟಿದರು: "ಟೀಚರಮ್ಮ, ನಿಮ್ಮ ಮೇಲೆ ಒಂದು ದೂರು ಬರೀಲಾ?"

ಅವಳು ದುರುಗುಟ್ಟಿ ನೋಡಿದಳು. "ಇನ್ನೂ ಸಾಲದಾಯ್ತಾ?"

"ಕೇಳಿ ಇಲ್ಲಿ. ನೀವು ಹಾಸಿಗೆ ಹಿಡಿದ ಬಸುರಿಗೆ ಊಟ ಕೊಡ್ತಿಲ್ಲ. ಬಂದು ತಿನ್ನು, ಇಲ್ಲಾಂದ್ರೆ ಇಲ್ಲ ಅಂತೀರ. ಎದ್ದು ಬಂದ್ರೆ ಅವಳ ಜೀವಕ್ಕೆ ಅಪಾಯ ಅಂತ ಆಸ್ಪತ್ರೆ ಚೀಟಿ ಇದೆ. ಏನಾದ್ರೂ ಆದ್ರೆ ಯಾರು ಹೊಣೆ ಅಂತ ನಾನು ಕೇಳ್ತೀನಿ. ಕಚೇರಿಯವರು ಬರಹದಲ್ಲಿ ಉತ್ತರ ಕೊಡ್ಲೇಬೇಕು. ಕೊಡ್ಬೇಡಿ ಅಂತ ಬರ್ದು ಸಹಿ ಹಾಕೋ ಧೈರ್ಯ ಯಾವ ಸಾಹೇಬರಿಗಿದೆ? ಕೊಡಿ ಅಂತ ಬರ್ದ್ರೆ, ಅದು ನಿಮ್ಮ ಕೈಯಲ್ಲಿರೋ ಆದೇಶ. ಇನ್ನು ಯಾರೂ ನಿಮ್ಮನ್ನ ಕೇಳೋ ಹಾಗಿಲ್ಲ."

ಟೀಚರು ಫೋನು ಕೆಳಗಿಟ್ಟಳು. ತಾತನಿಗೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿ ಬದಲಿಸಿ ಸಾಕಾಯಿತು.

"ಎಚ್ಚರಿಕೆ ಬಂದ ಬೆನ್ನಿಗೇ ದೂರು ಅಂದ್ರೆ ನನ್ನ ಹೆಸರು ಇನ್ನೂ ಕೆಡುತ್ತೆ" ಎಂದಳು.

"ಹೌದು. ಅದಕ್ಕೇ ಕೇಳೋಕೆ ಬಂದೆ. ಬೇಡ ಅಂದ್ರೆ ಬರೆಯೋದಿಲ್ಲ."

ಅವಳು ಮಲಗಿದ್ದ ಮಕ್ಕಳ ಕಡೆ ನೋಡಿದಳು, ಆಮೇಲೆ ಆಯಮ್ಮನ ಕಡೆ. ಆಯಮ್ಮ ಖಾಲಿ ಡಬ್ಬಿಯನ್ನು ಸುಮ್ಮಸುಮ್ಮನೆ ಒರೆಸುತ್ತಿದ್ದಳು.

"ಬರೀರಿ. ಬರೆಯೋದೇ ಆದ್ರೆ ಗಟ್ಟಿಯಾಗಿ ಬರೀರಿ. ಮೆತ್ತಗೆ ಬರೆದ್ರೆ ಯಾರೂ ಓದಲ್ಲ."

ತಾತ ಅಲ್ಲೇ ಚಾಪೆಯ ಅಂಚಿನಲ್ಲಿ ಕೂತು, ಮಕ್ಕಳ ಪುಟ್ಟ ಮೇಜಿನ ಮೇಲೆ ಕಾಗದ ಹರಡಿದರು. "ವಿಷಯ: ಅಂಗನವಾಡಿ ಕಾರ್ಯಕರ್ತೆಯವರು ಹಾಸಿಗೆ ಹಿಡಿದ ಗರ್ಭಿಣಿಗೆ ಆಹಾರ ನಿರಾಕರಿಸುತ್ತಿರುವ ಬಗ್ಗೆ" ಎಂದು ಬರೆದರು. ತಾರೀಖು ಬರೆದರು. ಇಸ್ತ್ರಿಯವನ ಹೆಂಡತಿಯ ಚೀಟಿಯನ್ನು ಅಡಕ ಮಾಡಿದರು. "ಸದರಿಯವರ..." ಎಂದು ಬರೆದು ಪೆನ್ನು ನಿಂತುಬಿಟ್ಟಿತು.

"ಯಾಕೆ ನಿಂತ್ರಿ? 'ಅಮಾನವೀಯ ವರ್ತನೆ' ಅಂತ ಹಾಕಿ" ಎಂದಳು ಟೀಚರು, ಹೆಗಲ ಮೇಲಿಂದ ಬಗ್ಗಿ.

"ಆಗ್ತಿಲ್ಲ ತಾಯಿ."

"'ಕರುಣೆ ಇಲ್ಲದವಳು' ಅಂತಾನೂ ಸೇರಿಸಿ. ಆಯಮ್ಮ, ಇನ್ನೇನು ಹಾಕೋಣ?"

"'ಮೊಟ್ಟೆಯನ್ನೂ ಕೊಡುವುದಿಲ್ಲ' ಅಂತ ಹಾಕ್ಸಿ" ಎಂದಳು ಆಯಮ್ಮ. ಹೇಳುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಯಾರ್ಯಾರ ಮೇಲೋ ಏನೇನೋ ಬರೆದಿದ್ದ ತಾತ ಅವತ್ತು ಆ ಒಂದು ಸಾಲನ್ನು ಹೇಗೋ ಬರೆದು ಮುಗಿಸಿದರು. ಅಕ್ಷರಗಳು ಸೊಟ್ಟಗೆ ಬಂದವು. ಕಾಗದ ಬದಲಿಸದೆ ಅದನ್ನೇ ಕೊಟ್ಟು ಸೀಲು ಹಾಕಿಸಿಕೊಂಡರು. ಗುಮಾಸ್ತ ವಿಷಯ ಓದದೆಯೇ ಸರಿಯಾದ ಫೈಲಿಗೆ ಹಾಕಿದ.

ಉತ್ತರ ಬರುವ ತನಕದ ದಿನಗಳನ್ನು ತಾತ ಹೇಗೆ ಕಳೆದರೆಂದು ಬೀದಿಯ ನಾಯಿಗಳನ್ನು ಕೇಳಬೇಕು. ಅವರ ಜೊತೆ ಓಡಾಡಿದವು ಅವೇ. ಸಾಹೇಬರು ಸಿಟ್ಟಾಗಿ ಟೀಚರನ್ನೇ ಎತ್ತಂಗಡಿ ಮಾಡಿಬಿಟ್ಟರೆ? ದೂರು ನಿಜವೆಂದು ನಂಬಿಬಿಟ್ಟರೆ? ಒಳ್ಳೆಯದನ್ನು ಬರೆದು ಕೆಡಿಸಿದವನು ಕೆಟ್ಟದ್ದನ್ನು ಬರೆದು ಇನ್ನೆಷ್ಟು ಕೆಡಿಸಬಹುದು? ಮಗಳು ಮಾಡಿಕೊಟ್ಟ ಡಬ್ಬಿಯನ್ನು ಕೊಟ್ಟುಬಂದರೆ ಆ ದಿನದ ಅರ್ಧ ಸಂಕಟ ಇಳಿಯುತ್ತಿತ್ತು, ಸಂಜೆಗೆ ಮತ್ತೆ ಏರುತ್ತಿತ್ತು.

ಆದೇಶವನ್ನು ಸೂಪರ್‌ವೈಸರೇ ತಂದಳು. ಆಸ್ಪತ್ರೆಯ ಚೀಟಿ ಇರುವ ಗರ್ಭಿಣಿಗೆ, ಸಹಾಯಕಿಯ ಸಮ್ಮುಖದಲ್ಲಿ ಸೇವಿಸುವ ಷರತ್ತಿನ ಮೇಲೆ, ಮನೆಗೇ ಊಟ ತಲುಪಿಸಬಹುದು. ಹಾಜರಿಯಲ್ಲಿ ಹಾಗೆಂದೇ ನಮೂದಿಸತಕ್ಕದ್ದು. ಈ ಕೇಂದ್ರಕ್ಕೆ ಮಾತ್ರ. ಕೆಳಗೆ ಸಹಿ, ಸೀಲು. "ಒಳ್ಳೇ ದೂರು ಬರ್ದಿದ್ದೀರ" ಎಂದು ತಾತನ ಮುಖ ನೋಡದೆ ಹೇಳಿ, ಸ್ಕೂಟರ್ ಹತ್ತಿದಳು. ಟೀಚರ ಕಡತದಲ್ಲಿ ಎಚ್ಚರಿಕೆಯೂ ಉಳಿಯಿತು, ದೂರೂ ಉಳಿಯಿತು. ಅವೆರಡನ್ನು ತೆಗೆಸಲು ಯಾವ ಅರ್ಜಿಯೂ ಇಲ್ಲವೆಂದು ತಾತನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅವತ್ತು ಆಯಮ್ಮ ಡಬ್ಬಿ ತುಂಬಿಕೊಂಡು ತಲೆ ಎತ್ತಿ ಹೊರಟಳು. ಟೀಚರು ಮಕ್ಕಳನ್ನು ಸಾಲಾಗಿ ಕೂರಿಸಿ ಒಬ್ಬೊಬ್ಬರನ್ನೇ ತೂಗುತ್ತಿದ್ದಳು. ತಕ್ಕಡಿ ಕಂಡು ಹೆದರಿದ ಒಂದು ಮಗು ಸೂರು ಹಾರುವಂತೆ ಅರಚುತ್ತಿತ್ತು. ತಾತ ಬಾಗಿಲಲ್ಲಿ ನಿಂತರು.

"ಟೀಚರಮ್ಮ, ನಿಮಗೊಂದು..." ಎಂದು ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಕೈ ಹಾಕಿದರು.

"ಬರೀಬೇಡಿ!" ಎಂದು ಟೀಚರು ಬೆಚ್ಚಿ ಕೂಗಿದಳು. "ಏನಿದ್ರೂ ಬಾಯಲ್ಲಿ ಹೇಳಿ."

ಬಾಯಲ್ಲಿ ಹೇಳುವುದು. ಹೆಂಡತಿ ಇದ್ದಾಗ ಅವಳಿಗೂ ಒಂದು ದಿನ ಹೇಳಿದವರಲ್ಲ. ತಾತ ಜೇಬಿನಿಂದ ಕೈ ತೆಗೆದರು. "ನೀವು ಇಲ್ದೇ ಇದ್ದಿದ್ರೆ ನನ್ನ ಮಗಳೂ ಇರ್ತಿರ್ಲಿಲ್ಲ, ಮೊಮ್ಮಗಳೂ ಇರ್ತಿರ್ಲಿಲ್ಲ. ದೊಡ್ಡ ಉಪಕಾರ ಆಯ್ತು ತಾಯಿ" ಎಂದರು, ತೀರಾ ಮೆಲ್ಲಗೆ.

"ಆಂ? ಏನಂದ್ರಿ? ಈ ಪುಣ್ಯಾತ್ಮನ ಕೂಗಲ್ಲಿ ಏನೂ ಕೇಳ್ಸಲ್ಲ."

ತಾತ ಎರಡು ಹೆಜ್ಜೆ ಒಳಗೆ ಬಂದು, ಕಣ್ಣು ಮುಚ್ಚಿ, ಬೀದಿಗೆಲ್ಲ ಕೇಳುವಂತೆ ಕೂಗಿದರು: "ದೊಡ್ಡ ಉಪಕಾರ ಆಯ್ತು ತಾಯಿ!"

ಅಳುತ್ತಿದ್ದ ಮಗು ಗಪ್ಪಾಯಿತು. ಚಾಪೆಯ ಮೇಲಿದ್ದ ಮಕ್ಕಳೆಲ್ಲ, ದೊಡ್ಡವರು ಏನು ಹೇಳಿಕೊಟ್ಟರೂ ಒಟ್ಟಿಗೆ ಹೇಳಬೇಕೆಂದು ಕಲಿತವರು, ಇದೂ ಪಾಠವೆಂದುಕೊಂಡು ಟೀಚರ ಕಡೆ ತಿರುಗಿ ಒಂದೇ ದನಿಯಲ್ಲಿ ಕೂಗಿದರು: "ದೊಡ್ಡ ಉಪಕಾರ ಆಯ್ತು ತಾಯೀ!"

ಟೀಚರು ತಕ್ಕಡಿಯ ಕೊಕ್ಕೆ ಹಿಡಿದುಕೊಂಡೇ ಗೋಡೆಯ ಕಡೆ ಮುಖ ತಿರುಗಿಸಿದಳು. ಮಕ್ಕಳು ಇನ್ನೊಂದು ಸಲ ಹೇಳಿದರು.